ಕ್ಯಾಸೆಟ್ ಗೇಮ್: ನಿಧಾನ ಸಹಜ, ಎರರ್ ಅಲ್ಲ

“ನನ್ನ ಹಳೆಯ ಝಡ್‌ಎಕ್ಸ್ ಸ್ಪೆಕ್ಟ್ರಮ್ 48ಕೆ ಕಂಪ್ಯೂಟರಿನಲ್ಲಿ ಗೇಮ್ ಲೋಡ್ ಆಗಲು ಸುಮಾರು ಐದು ನಿಮಿಷ ಬೇಕು. ಕೊನೆಗೆ R Tape loading error ಬರುತ್ತದೆ. ಯಂತ್ರ ಕೆಟ್ಟಿದೆಯೇ? ಕ್ಯಾಸೆಟ್ ಏಕೆ ಬಳಸುತ್ತಿದ್ದರು?”

ಯಂತ್ರಕ್ಕಿಂತ ಟೇಪ್ ರೆಕಾರ್ಡರಿನ ಮೇಲೆಯೇ ನನ್ನ ಅನುಮಾನ: ವಾಲ್ಯೂಮ್ ಸರಿಯಿಲ್ಲ, ಇಲ್ಲವೇ ಹೆಡ್ ಓರೆಯಾಗಿದೆ. ಐದು ನಿಮಿಷ ಮಾತ್ರ ಸಹಜ. 1982ರಲ್ಲಿ ಡಿಸ್ಕ್ ಡ್ರೈವ್ ದುಬಾರಿ, ಟೇಪ್ ರೆಕಾರ್ಡರ್ ಮನೆಯಲ್ಲೇ ಇರುತ್ತಿತ್ತು. ಆದರೆ ಅದು ಹಾಡಿಗೆಂದು ಮಾಡಿದ ಸಾಧನ. ಪ್ರತಿ ಬಿಟ್ಟನ್ನೂ ಶಬ್ದವಾಗಿ ಬರೆಯಬೇಕು. ಸೊನ್ನೆಗೆ ಸುಮಾರು ಅರ್ಧ ಮಿಲಿಸೆಕೆಂಡಿನ ಅಲೆ, ಒಂದಕ್ಕೆ ಅದರ ಎರಡರಷ್ಟು. ಸರಾಸರಿ ಸೆಕೆಂಡಿಗೆ 1,365 ಬಿಟ್. 48 ಕಿಲೋಬೈಟ್ ಎಂದರೆ 3,93,216 ಬಿಟ್. ಭಾಗಿಸಿದರೆ 288 ಸೆಕೆಂಡು. ಆರಂಭದ ಚಿತ್ರವೊಂದೇ 40 ಸೆಕೆಂಡು ನುಂಗುತ್ತದೆ!

ಮೊದಲು ರೆಕಾರ್ಡರಿನ ಇಯರ್ ತಂತಿಯನ್ನು ಮಾತ್ರ ಜೋಡಿಸಿ, ವಾಲ್ಯೂಮನ್ನು ಮುಕ್ಕಾಲಿಗೆ ಇಡಿ. ಒಂದೇ ಸಮನೆ ಕೂಗುವ ಆರಂಭದ ಶಬ್ದಕ್ಕೆ ಪರದೆಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟಿಗಳು ಕಾಣಬೇಕು. ಕಾಣದಿದ್ದರೆ ವಾಲ್ಯೂಮ್ ಸ್ವಲ್ಪ ಸ್ವಲ್ಪವೇ ಬದಲಿಸಿ. ಪಟ್ಟಿಗಳು ಸರಿಯಾಗಿದ್ದೂ ಎರರ್ ಬಂದರೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಹೆಡ್ ಒರೆಸಿ. ಆಮೇಲೂ ಹಾಗೆಯೇ ಇದ್ದರೆ, ಟೇಪ್ ಓಡುತ್ತಿರುವಾಗಲೇ ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಸದ್ದು ಅತ್ಯಂತ ಚೂಪಾಗಿ ಕೇಳುವಲ್ಲಿ ನಿಲ್ಲಿಸಿ.

ಪ್ರತಿ ಬಾರಿಯೂ ಮೊದಲಿನಿಂದಲೇ ಲೋಡ್ ಮಾಡಿ. ತಪ್ಪಿದ ಬಿಟ್ಟನ್ನು ಮತ್ತೆ ಕೇಳುವ ದಾರಿ ಕಂಪ್ಯೂಟರಿಗಿಲ್ಲ. ಬೇರೆ ಕ್ಯಾಸೆಟ್ ಸರಿಯಾಗಿ ಲೋಡ್ ಆದರೆ ಈ ಟೇಪೇ ಹಾಳಾಗಿರಬಹುದು.