ಒಂಟಿಯಾಗಿರುವ ಅಪ್ಪ, ರಾತ್ರಿಯ ರಮ್ಮಿ

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಅಮ್ಮ ತೀರಿಕೊಂಡ ಮೇಲೆ ಮೈಸೂರಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಮೊಬೈಲ್‌ನಲ್ಲಿ ಹಣ ಕಟ್ಟಿ ರಮ್ಮಿ ಆಡುತ್ತಿದ್ದಾರೆಂದು ಈಚೆಗೆ ಗೊತ್ತಾಯಿತು. ಜೀವಮಾನದಲ್ಲಿ ಒಂದು ಲಾಟರಿ ಟಿಕೆಟ್ ಕೊಂಡವರಲ್ಲ. ಹೀಗೇಕಾಯಿತು? ಅವರನ್ನು ನೋಯಿಸದೆ ನಾವೇನು ಮಾಡಬಹುದು?

ಲಾಟರಿ ಕೊಳ್ಳದವರೇ ಇದಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತಾರೆ. ಲಾಟರಿ ಅದೃಷ್ಟದ್ದು, ರಮ್ಮಿ ಬುದ್ಧಿಯದ್ದು ಎಂಬ ನಂಬಿಕೆ ಆ ತಲೆಮಾರಿನಲ್ಲಿ ಗಟ್ಟಿಯಾಗಿದೆ. ಅದು ಪೂರ್ತಿ ಸುಳ್ಳೂ ಅಲ್ಲ. ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರಲ್ಲಿಯೇ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಕರೆದಿತ್ತು. ಆದರೆ ಆಟದಿಂದ ಕ್ಲಬ್ಬಿನವರು ಲಾಭ ಮಾಡಿಕೊಳ್ಳುತ್ತಿದ್ದರೆ ಅದು ಅಪರಾಧವಾಗಬಹುದು ಎಂದೂ ಅದೇ ತೀರ್ಪು ಹೇಳಿತ್ತು. ಜಾಹೀರಾತಿನವರು ಮೊದಲ ಮಾತನ್ನಷ್ಟೇ ಊರೆಲ್ಲ ಸಾರಿದರು. ನಿಮ್ಮ ತಂದೆ ತಮ್ಮನ್ನು ಜೂಜುಕೋರನೆಂದು ಅಂದುಕೊಂಡೇ ಇರುವುದಿಲ್ಲ. ಹಾಗಾಗಿ ನೀವು ‘ಜೂಜು’ ಎಂದ ಕೂಡಲೇ ಮಾತು ಅಲ್ಲಿಗೇ ಮುರಿದುಬೀಳುತ್ತದೆ.

ನಾನು ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಪಿಂಚಣಿದಾರರ ಖಾತೆಗಳು ಹೀಗೆ ಕರಗುವುದನ್ನು ಕೌಂಟರಿನ ಈಚೆಯಿಂದಲೂ ಕಂಡಿದ್ದೇನೆ, ಮನೆಯಲ್ಲಿ ನನ್ನ ಚಿಕ್ಕಪ್ಪನ ವಿಷಯದಲ್ಲಿಯೂ ಕಂಡಿದ್ದೇನೆ. ಅವರು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು, ಲೆಕ್ಕದ ಮೇಷ್ಟ್ರು. ಚಿಕ್ಕಮ್ಮ ಹೋದ ಮೇಲೆ ಹಗಲು ಹೇಗೋ ಕಳೆಯುತ್ತಿತ್ತು: ಬೆಳಿಗ್ಗೆ ಉದ್ಯಾನದಲ್ಲಿ ನಡಿಗೆ, ಪತ್ರಿಕೆ, ಮಧ್ಯಾಹ್ನ ಒಂದು ನಿದ್ದೆ. ಕಷ್ಟವಾಗುತ್ತಿದ್ದುದು ರಾತ್ರಿ ಎಂಟೂವರೆಯ ಊಟದ ನಂತರ. ಮಕ್ಕಳು ಆ ಹೊತ್ತಿಗೆ ತಮ್ಮ ಮಕ್ಕಳ ಓದು, ಅಡುಗೆಮನೆಯ ಕೆಲಸಗಳಲ್ಲಿ ಮುಳುಗಿರುತ್ತಾರೆ. ನಿದ್ದೆ ಹನ್ನೆರಡಕ್ಕೆ ಮುಂಚೆ ಹತ್ತುವುದಿಲ್ಲ. ಆ ಹೊತ್ತಿನಲ್ಲಿ ಮೊಬೈಲ್ ತೆರೆದರೆ ಐದು ಜನ ಕೂತ ಟೇಬಲ್ ಸಿದ್ಧವಿರುತ್ತದೆ. ಹೆಸರು ಹಿಡಿದು ಸ್ವಾಗತಿಸುತ್ತದೆ, ಗೆದ್ದರೆ ಚಪ್ಪಾಳೆ ತಟ್ಟುತ್ತದೆ. ನಲವತ್ತು ವರ್ಷ ಹತ್ತು ಜನರಿಗೆ ಹೇಳುತ್ತಿದ್ದವರಿಗೆ ‘ನನಗೆ ಇನ್ನೂ ತಲೆ ಓಡುತ್ತದೆ’ ಎಂದು ತೋರಿಸಿಕೊಳ್ಳಲು ಬೇರೆ ಜಾಗವೇ ಉಳಿದಿರುವುದಿಲ್ಲ. ದುರಾಸೆ ಇಲ್ಲಿ ಬಹಳ ಕಡಿಮೆ. ಅದನ್ನು ಮಕ್ಕಳು ಮೊದಲು ನಂಬಬೇಕು.

ಇನ್ನು ಹಣ ಹೋಗುವ ಬಗೆ. ಕ್ಲಬ್ಬಿನಲ್ಲಿ ಇಸ್ಪೀಟು ಆಡಿದವರಿಗೆ ಎಲೆ ಕಲೆಸಿ, ಹಂಚಿ, ನಡುವೆ ಕಾಫಿ ಕುಡಿದು ಆಡಿದ ಅಭ್ಯಾಸ. ಗಂಟೆಗೆ ನಾಲ್ಕೈದು ಆಟವಾದರೆ ಹೆಚ್ಚು. ಮೊಬೈಲ್‌ನಲ್ಲಿ ಇಬ್ಬರೇ ಆಡುವ ಆಟ ಎರಡು ಮೂರು ನಿಮಿಷದಲ್ಲಿ ಮುಗಿದು, ಮುಂದಿನ ಎಲೆಗಳು ತಾವಾಗಿಯೇ ಬಿದ್ದಿರುತ್ತವೆ. ಚಿಕ್ಕಪ್ಪನಿಗೆ ನಾನು ಹಾಕಿ ತೋರಿಸಿದ ಲೆಕ್ಕ ಹೀಗಿತ್ತು. ಪಾಯಿಂಟಿಗೆ ಒಂದು ರೂಪಾಯಿಯ ಟೇಬಲ್, ಎದುರಾಳಿ ಅವರಷ್ಟೇ ಜಾಣ. ಸೋತವನು ಸರಾಸರಿ 30 ಪಾಯಿಂಟ್ ಕೊಟ್ಟರೆ 30 ರೂಪಾಯಿ. ಅದರಲ್ಲಿ ನೂರಕ್ಕೆ ಹತ್ತರಂತೆ 3 ರೂಪಾಯಿ ಆಡಿಸುವವರ ಕಮಿಷನ್. ಇಬ್ಬರೂ ಸಮಬಲರಾದರೆ ಸೋಲು ಗೆಲುವು ಸರಿಹೋಗಿ, ತಲೆಗೆ ಆಟಕ್ಕೆ ಒಂದೂವರೆ ರೂಪಾಯಿ ನಷ್ಟ ಉಳಿಯುತ್ತದೆ. ಗಂಟೆಗೆ 20 ಆಟ, ರಾತ್ರಿಗೆ ನಾಲ್ಕು ಗಂಟೆ ಎಂದರೆ 80 ಆಟ, 120 ರೂಪಾಯಿ. ತಿಂಗಳಿಗೆ 3,600. ಐದು ರೂಪಾಯಿಯ ಟೇಬಲ್‌ಗೆ ಹೋದರೆ 18,000. ಗಮನಿಸಿ, ಇದು ಮೋಸವಿಲ್ಲದ ಆಟದಲ್ಲಿ, ಚೆನ್ನಾಗಿ ಆಡುವವರ ನಷ್ಟ. ಅವರು ಪೆನ್ನು ಹಿಡಿದು ಎರಡು ಸಲ ಗುಣಿಸಿ ನೋಡಿದರು. ನನ್ನ ಬುದ್ಧಿವಾದ ಮಾಡದ ಕೆಲಸವನ್ನು ಆ ಗುಣಾಕಾರ ಮಾಡಿತು.

ಒಂದು ರೂಪಾಯಿಯಿಂದ ಐದಕ್ಕೆ ಜನ ಯಾಕೆ ಏರುತ್ತಾರೆ? ಸೋತದ್ದನ್ನು ಬೇಗ ವಾಪಸು ಪಡೆಯಲು. ರಮ್ಮಿಯಲ್ಲಿ ಬರಿಗೈ ಸೋಲು ಅಪರೂಪ. ಹನ್ನೆರಡು ಎಲೆ ಹೊಂದಿ ಒಂದು ಎಲೆಗೆ ಕಾದಿರುವಾಗಲೇ ಎದುರಿನವರು ತಮ್ಮ ಎಲೆಗಳನ್ನೆಲ್ಲ ಹೊಂದಿಸಿ ಡಿಕ್ಲೇರ್ ಮಾಡಿಬಿಡುತ್ತಾರೆ. ಅಂಥ ಸೋಲು ಸೋಲೆನಿಸುವುದಿಲ್ಲ, ಇನ್ನೇನು ಗೆಲ್ಲುತ್ತಿದ್ದೆ ಎನಿಸುತ್ತದೆ. ಯಾವ ಆಟಕ್ಕೆ ಗೆಲುವು ಬರುತ್ತದೆಂದು ಗೊತ್ತಿಲ್ಲದಿರುವುದೇ ಕೈಯನ್ನು ಮತ್ತೆ ಮತ್ತೆ ಅಲ್ಲಿಗೆ ಎಳೆಯುತ್ತದೆ. ಇಷ್ಟರ ಮೇಲೆ ನಡುರಾತ್ರಿಯ ದಣಿದ ಕಣ್ಣು.

ಈಗ ಕಾನೂನಿನ ಮಾತು, ಏಕೆಂದರೆ ಅದು ನಿಮ್ಮ ಸಂಭಾಷಣೆಗೆ ಒಂದು ಒಳ್ಳೆಯ ಬಾಗಿಲು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡಿಸುವ ಎಲ್ಲ ಆಟಗಳನ್ನು ನಿಷೇಧಿಸಿತು. ಶಿಕ್ಷೆ ಆಡಿಸುವವರಿಗೆ ಮತ್ತು ಜಾಹೀರಾತು ಮಾಡುವವರಿಗೆ; ಆಡುವವರನ್ನು ಅದು ಅಪರಾಧಿಗಳೆಂದು ಕಾಣುವುದಿಲ್ಲ. ಇದನ್ನು ತಂದೆಗೆ ಮೊದಲೇ ತಿಳಿಸಿ, ಪೊಲೀಸರ ಭಯದಿಂದ ಅವರು ವಿಷಯ ಮುಚ್ಚಿಡುವುದು ತಪ್ಪುತ್ತದೆ. ದೊಡ್ಡ ಕಂಪನಿಗಳು ಹಣದ ಟೇಬಲ್‌ಗಳನ್ನು ಮುಚ್ಚಿದವು. ಹಾಗಾಗಿ ಈಗ ಅವರು ಹಣ ಕಟ್ಟಿ ಆಡುತ್ತಿದ್ದರೆ ಅದು ವಾಟ್ಸಾಪ್ ಅಥವಾ ಟೆಲಿಗ್ರಾಂನಲ್ಲಿ ಬಂದ ಲಿಂಕಿನಿಂದ ಇಳಿಸಿಕೊಂಡ ಆ್ಯಪ್ ಆಗಿರುವ ಸಾಧ್ಯತೆ ಹೆಚ್ಚು. ಎದುರಿಗಿರುವುದು ಮನುಷ್ಯನೋ ಯಂತ್ರವೋ ತಿಳಿಯುವ ದಾರಿ ಅಲ್ಲಿಲ್ಲ. ಇಂಥ ಆ್ಯಪ್ ಗುರುತಿಸುವುದು ಮಾತ್ರ ಸುಲಭ: ಪಾಸ್‌ಬುಕ್ಕಿನಲ್ಲಿ ಯುಪಿಐ ಹಣ ಪ್ರತಿ ಸಲ ಬೇರೆ ಬೇರೆ ಅಪರಿಚಿತ ವ್ಯಕ್ತಿಗಳ, ಯಾವುದೋ ಊರಿನ ಅಂಗಡಿಗಳ ಹೆಸರಿಗೆ ಹೋಗಿರುತ್ತದೆ. ಗೆದ್ದ ಹಣ ತೆಗೆಯಲು ಹೋದರೆ ‘ಮೊದಲು ತೆರಿಗೆ ಕಟ್ಟಿ’ ಎನ್ನುತ್ತಾರೆ. ಅಲ್ಲಿಗೆ ಅದು ಆಟವೂ ಅಲ್ಲ, ಶುದ್ಧ ವಂಚನೆ. ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು.

ಇನ್ನೊಂದು ಅಪಾಯ ಬಹಳ ಜನರಿಗೆ ಹೊಳೆಯುವುದಿಲ್ಲ. ಗೆದ್ದ ಎರಡು ಸಾವಿರ ರೂಪಾಯಿ ಬರುವುದು ವಂಚಕರು ಬೇರೆಯವರಿಂದ ಬಾಡಿಗೆಗೆ ಪಡೆದ ಖಾತೆಯೊಂದರಿಂದ ಇರಬಹುದು. ಆ ಖಾತೆಗೆ ಬೇರೆ ಯಾರನ್ನೋ ವಂಚಿಸಿದ ಹಣವೂ ಬಂದಿದ್ದರೆ, ತನಿಖೆಯ ದಾರಿಯಲ್ಲಿ ನಿಮ್ಮ ತಂದೆಯ ಪಿಂಚಣಿ ಖಾತೆಯೂ ತಡೆಹಿಡಿಯಲ್ಪಡಬಹುದು. ಮರ್ಯಾದೆಗೆ ಅಂಜುವವರಿಗೆ ನಷ್ಟಕ್ಕಿಂತ ಇದು ಬೇಗ ಅರ್ಥವಾಗುತ್ತದೆ.

ಮಾತು ಹೇಗೆ ಎತ್ತಬೇಕು? ಫೋನಿನಲ್ಲಿ ಬೇಡ, ಅಳಿಯ ಸೊಸೆಯರ ಮುಂದೆ ಬೇಡ, ಮೊಮ್ಮಕ್ಕಳ ಮುಂದಂತೂ ಬೇಡವೇ ಬೇಡ. ನಮ್ಮಲ್ಲಿ ಮಗ ಅಪ್ಪನಿಗೆ ಲೆಕ್ಕ ಕೇಳುವುದೇ ಇಬ್ಬರಿಗೂ ಇರಿಸುಮುರಿಸು. ಸಾಧ್ಯವಾದರೆ ಅವರ ಸಮವಯಸ್ಕರು, ಸ್ನೇಹಿತರೋ ಅಕ್ಕತಂಗಿಯರೋ, ಜೊತೆಗಿರಲಿ. ‘ಅಪ್ಪ, ಎಷ್ಟು ಕಳೆದಿರಿ?’ ಎಂದು ಶುರುಮಾಡಿದರೆ ಸುಳ್ಳು ಉತ್ತರ ಸಿಗುತ್ತದೆ. ‘ಅಪ್ಪ, ರಾತ್ರಿ ನಿದ್ದೆ ಬರುತ್ತಿದೆಯಾ?’ ಎಂದು ಶುರುಮಾಡಿದರೆ ನಿಜ ತಾನಾಗಿ ಹೊರಬರಬಹುದು. ಆಮೇಲೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮುದ್ರಿಸಿ, ಅವರ ಕೈಗೇ ಪೆನ್ನು ಕೊಡಿ. ಆಟಕ್ಕೆ ಹೋದದ್ದು ಒಂದು ಕಡೆ, ಬಂದದ್ದು ಇನ್ನೊಂದು ಕಡೆ. ಚಿಕ್ಕಪ್ಪ ‘ಒಟ್ಟಿನಲ್ಲಿ ಸಮಸಮ ಇದೆ’ ಎಂದು ಹೇಳುತ್ತಲೇ ಕೂತರು. ಗೆದ್ದ ದಿನಗಳೆಲ್ಲ ಅವರಿಗೆ ನೆನಪಿದ್ದವು. ಕೂಡಿಸಿದಾಗ ಹೋದದ್ದು 3,10,000, ಬಂದದ್ದು 1,46,000. ಕನ್ನಡಕ ತೆಗೆದು ಒರೆಸಿಕೊಂಡು, ಮೊದಲ ಪುಟದಿಂದ ಮತ್ತೊಮ್ಮೆ ಕೂಡಿಸಿದರು. ನಾನು ಒಂದು ಮಾತೂ ಆಡಲಿಲ್ಲ.

ಹಣದ ವ್ಯವಸ್ಥೆ ಅವರೇ ಸಹಿ ಮಾಡಿ ಒಪ್ಪಿದ್ದಾಗಿರಬೇಕು. ಮೊಬೈಲ್ ಕಿತ್ತುಕೊಂಡರೆ ಇನ್ನೊಂದು ಮೊಬೈಲ್ ಬರುತ್ತದೆ, ಗುಟ್ಟು ಹೆಚ್ಚುತ್ತದೆ. ಬದಲಿಗೆ ಪಿಂಚಣಿ ಬರುವ ಖಾತೆಯಿಂದ ಯುಪಿಐ ತೆಗೆಸಿ. ದಿನಸಿ, ಔಷಧಿಗೆಂದು ಇನ್ನೊಂದು ಸಣ್ಣ ಖಾತೆ ತೆರೆದು, ವಾರಕ್ಕೊಮ್ಮೆ ನಿಗದಿತ ಮೊತ್ತ ಅಲ್ಲಿಗೆ ಹೋಗುವಂತೆ ಮಾಡಿ, ಯುಪಿಐ ಅದಕ್ಕೆ ಮಾತ್ರ ಇರಲಿ. ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷದವರೆಗೆ ಕಳಿಸಬಹುದಾದ ಮಿತಿಯನ್ನು ಎರಡು ಸಾವಿರಕ್ಕೋ ಮೂರು ಸಾವಿರಕ್ಕೋ ಇಳಿಸಲು ಬ್ಯಾಂಕಿನವರನ್ನು ಕೇಳಿ. ನಿಶ್ಚಿತ ಠೇವಣಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೊದಲೆಲ್ಲ ಠೇವಣಿ ಮುರಿಯಬೇಕಾದರೆ ಶಾಖೆಗೆ ಬಂದು ನಮ್ಮ ಮುಖ ನೋಡಬೇಕಿತ್ತು, ಅಷ್ಟರಲ್ಲಿ ಮನಸ್ಸು ಬದಲಾಗುತ್ತಿತ್ತು. ಈಗ ರಾತ್ರಿ ಒಂದು ಗಂಟೆಗೆ ಹಾಸಿಗೆಯಲ್ಲೇ ಮುರಿಯಬಹುದು. ಆನ್‌ಲೈನಿನಲ್ಲಿ ಮುರಿಯಲಾಗದಂತೆ, ಇಬ್ಬರ ಸಹಿಯೂ ಬೇಕಾಗುವಂತೆ ಜಂಟಿ ಠೇವಣಿ ಮಾಡಿಸಬಹುದೇ ಎಂದು ವಿಚಾರಿಸಿ. ‘ಇಬ್ಬರಲ್ಲಿ ಯಾರಾದರೊಬ್ಬರು’ ಎಂಬ ಮಾದರಿ ಇಲ್ಲಿ ನಿಷ್ಪ್ರಯೋಜಕ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯೂ ಒಳ್ಳೆಯದು: ಬಡ್ಡಿ ಮೂರು ತಿಂಗಳಿಗೊಮ್ಮೆ ಬರುತ್ತದೆ, ಅವಧಿಗೆ ಮುಂಚೆ ಮುಚ್ಚಿದರೆ ಅಸಲಿನಲ್ಲಿ ಕಡಿತವಿದೆ.

ಸಾಲ ಇದ್ದರೆ ಪಟ್ಟಿ ಮಾಡಿ, ಆದರೆ ಒಂದೇ ಏಟಿಗೆ ನೀವೇ ತೀರಿಸಿ ಕೈತೊಳೆದುಕೊಳ್ಳಬೇಡಿ. ಸಾಲದ ಭಾರ ಇಳಿದ ವಾರವೇ ಆಟ ಮತ್ತೆ ಶುರುವಾಗುವುದನ್ನು ಕಂಡಿದ್ದೇನೆ. ಅವರ ಪಿಂಚಣಿಯಿಂದಲೇ ಕಂತು ಹೋಗಲಿ. ಬೆದರಿಸುವ ಸಾಲದ ಆ್ಯಪ್‌ಗಳು ಮಾತ್ರ ಇದಕ್ಕೆ ಹೊರತು, ಅವುಗಳ ವಿರುದ್ಧ ಮೊದಲು ದೂರು ಕೊಡಿ.

‘ದೇವಸ್ಥಾನಕ್ಕೆ ಹೋಗಿ, ವಾಕಿಂಗ್ ಮಾಡಿ’ ಎಂಬ ಸಲಹೆ ನನಗೆ ಸಿಟ್ಟು ತರಿಸುತ್ತದೆ. ಅದೆಲ್ಲ ಬೆಳಗಿನ ಕೆಲಸ, ಆಟ ನಡೆಯುವುದು ರಾತ್ರಿ. ತುಂಬಬೇಕಾದದ್ದು ಒಂಬತ್ತರಿಂದ ಹನ್ನೊಂದರ ಹೊತ್ತು. ಚಿಕ್ಕಪ್ಪನ ಮಗಳು ಒಂಬತ್ತೂಕಾಲಿಗೆ ವಿಡಿಯೊ ಕರೆಯಲ್ಲಿ ತನ್ನ ಮಗನನ್ನು ಅಜ್ಜನ ಮುಂದೆ ಕೂರಿಸತೊಡಗಿದಳು; ಎಸ್ಸೆಸ್ಸೆಲ್ಸಿ ಗಣಿತ. ಹುಡುಗನಿಗೆ ನಿಜವಾಗಿಯೂ ಪಾಠ ಬೇಕಿತ್ತು, ಹಾಗಾಗಿ ನಡೆಯಿತು. ಬರೀ ‘ಊಟವಾಯಿತೇ’ ಎಂಬ ಎರಡು ನಿಮಿಷದ ಕರೆಯಿಂದ ಇದಾಗುವುದಿಲ್ಲ. ಹಾಗೆಂದು ಎಲ್ಲವೂ ಸುಸೂತ್ರವಾಗಲಿಲ್ಲ. ಹುಡುಗನಿಗೆ ರಜೆ ಬಂದಾಗ ಅವರು ಮತ್ತೆ ಆಡಿದರು. ಸಣ್ಣ ಖಾತೆಯಲ್ಲಿದ್ದ ವಾರದ ಹಣವಷ್ಟೇ ಹೋಯಿತು, ಅದನ್ನು ಅವರೇ ಬಂದು ಹೇಳಿದರು.

ಕೊನೆಯದಾಗಿ ಅವರ ಮಾತ್ರೆಗಳನ್ನು ನೋಡಿ. ಪಾರ್ಕಿನ್ಸನ್ ಕಾಯಿಲೆಗೆ ಮತ್ತು ಕೆಲವೊಮ್ಮೆ ಕಾಲಿನ ಚಡಪಡಿಕೆಗೆ ಕೊಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಎಂಬ ಔಷಧಿಗಳು ಕೆಲವರಲ್ಲಿ ತಡೆಯಲಾಗದ ಜೂಜಿನ ತುಡಿತ ಹುಟ್ಟಿಸುತ್ತವೆ. ಎಂದೂ ಆಡದವರು ಇಳಿವಯಸ್ಸಿನಲ್ಲಿ ಹಠಾತ್ತನೆ ಶುರುಮಾಡಿ, ಜೊತೆಗೆ ಸ್ವಭಾವವೂ ಬದಲಾಗಿದ್ದರೆ ಮರೆವಿನ ಕಾಯಿಲೆಯ ಒಂದು ಬಗೆಯೂ ಕಾರಣವಿರಬಹುದು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದೂ ಅಪಾಯ. ಚೀಟಿ ಹಿಡಿದು ನರರೋಗ ವೈದ್ಯರ ಬಳಿ ಹೋಗಿ, ಜೂಜಿನ ವಿಷಯವನ್ನು ಬಾಯಿಬಿಟ್ಟು ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಇಂಟರ್ನೆಟ್ ಗೀಳಿಗೆಂದೇ ಪ್ರತ್ಯೇಕ ಚಿಕಿತ್ಸಾಲಯವಿದೆ. ‘ನಾನು ನಿಮಗೆಲ್ಲ ಭಾರ’, ‘ಇದ್ದೇನು ಪ್ರಯೋಜನ’ ಎಂಬ ಮಾತು ಅವರ ಬಾಯಿಂದ ಬಂದರೆ ಲೆಕ್ಕಪತ್ರ ಪಕ್ಕಕ್ಕಿಟ್ಟು ಅದೇ ದಿನ ಹೊರಟು ಅವರ ಬಳಿ ಹೋಗಿ.