ಮೋಡದ ಮಧ್ಯಾಹ್ನದ ವಿಡಿಯೊಗೆ ಸಂಜೆಯ ಹೊಂಬೆಳಕು ತರುವುದು ಹೇಗೆ?

ಪ್ರಶ್ನೆ: ಅಕ್ಕನ ಪ್ರೀ ವೆಡ್ಡಿಂಗ್ ವಿಡಿಯೊವನ್ನು ಮೋಡ ಕವಿದ ದಿನ ಮಧ್ಯಾಹ್ನ 12 ಗಂಟೆಗೆ ಶೂಟ್ ಮಾಡಿದೆ. ಬೆಳಕು ಪೂರ್ತಿ ಸಪ್ಪೆಯಾಗಿದೆ. ಡಾವಿಂಚಿ ರಿಸಾಲ್ವ್‌ನಲ್ಲಿ ಗೋಲ್ಡನ್ ಅವರ್ ಲುಕ್ ತರಲು ಯಾವ ಲಟ್ ಒಳ್ಳೆಯದು, ಗ್ಲೋ ಎಷ್ಟು ಹಾಕಬೇಕು? ಗದ್ದೆ ಬಯಲಿನಲ್ಲಿ ನಡೆಯುವ ವೈಡ್ ಶಾಟ್ ಕೂಡ ಇದೆ.

ಮೂರು ವರ್ಷಗಳ ಹಿಂದೆ, ಜುಲೈ ತಿಂಗಳಲ್ಲಿ, ಶ್ರೀರಂಗಪಟ್ಟಣದ ಒಂದು ಸೋಪಾನಕಟ್ಟೆಯ ಮೇಲೆ ನಾನೂ ಹೀಗೆಯೇ ಕ್ಯಾಮೆರಾ ಹಿಡಿದು ನಿಂತಿದ್ದೆ. ಸಂಜೆ ಐದೂವರೆಗೆಂದು ಗೊತ್ತುಮಾಡಿದ್ದ ಶೂಟಿಂಗ್ ಮಳೆಯ ಭಯದಿಂದ ಮಧ್ಯಾಹ್ನಕ್ಕೆ ಬಂದಿತ್ತು. ಆಕಾಶವೆಲ್ಲ ಸುಣ್ಣ ಬಳಿದಂತೆ ಬಿಳಿ, ಕಾವೇರಿ ಬೂದಿಬಣ್ಣ, ಹುಡುಗ ಹುಡುಗಿಯ ಮುಖಗಳಲ್ಲಿ ಬೆಳಕೂ ಇಲ್ಲ, ನೆರಳೂ ಇಲ್ಲ. ಅವರು ಕೇಳಿದ್ದು ಮಾತ್ರ ಹೊಂಬೆಳಕು. ನಾನು ಯೋಚಿಸದೆ ಒಪ್ಪಿಕೊಂಡೆ, ನೀವು ಹುಡುಕುತ್ತಿರುವಂತೆಯೇ ಲಟ್ ಹುಡುಕಿದೆ, ನಾಲ್ಕೈದು ಹಾಕಿಯೂ ನೋಡಿದೆ. ಎಲ್ಲವೂ ಫ್ರೇಮಿಗೆ ಅರಿಶಿನದ ನೀರು ಚೆಲ್ಲಿದಂತೆ ಕಂಡವು.

ಅದು ಲಟ್ ಮಾಡಿದವರ ತಪ್ಪಲ್ಲ. ಲಟ್ ಎಂದರೆ ಈ ಬಣ್ಣ ಬಂದರೆ ಆ ಬಣ್ಣವನ್ನು ಕೊಡು ಎಂಬ ಒಂದು ಪಟ್ಟಿ, ಅಷ್ಟೇ. ಆ ಬಣ್ಣ ಫ್ರೇಮಿನ ಎಡ ತುದಿಯಲ್ಲಿದೆಯೇ, ಬಲ ತುದಿಯಲ್ಲಿದೆಯೇ, ಸೂರ್ಯನಿಗೆ ಎದುರಾದ ಕೆನ್ನೆಯದೇ, ಮರೆಯಾದ ಕೆನ್ನೆಯದೇ ಎಂಬುದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಹೊಂಬೆಳಕು ಎನ್ನುವುದು ಬರಿಯ ಬಣ್ಣವಾಗಿದ್ದರೆ ಪಟ್ಟಿ ಸಾಕಾಗುತ್ತಿತ್ತು. ಆ ಹೊತ್ತಿನಲ್ಲಿ ಸೂರ್ಯ ದಿಗಂತಕ್ಕಿಂತ ಹತ್ತು ಡಿಗ್ರಿಯಷ್ಟೂ ಮೇಲಿರುವುದಿಲ್ಲ, ಬೆಳಕು ಒಂದೇ ಪಕ್ಕದಿಂದ ಕೆಂಪೇರಿ ಬರುತ್ತದೆ, ಮತ್ತು ಆ ಬೆಳಕು ತಾಗದ ಭಾಗಗಳನ್ನೆಲ್ಲ ಮೇಲಿನ ನೀಲಿ ಆಕಾಶವೇ ಬೆಳಗುತ್ತಿರುತ್ತದೆ. ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಣ್ಣಗೆ ಇದ್ದಾಗ ಮಾತ್ರ ಕಣ್ಣು ಅದನ್ನು ಸಂಜೆಯೆಂದು ಗುರುತಿಸುತ್ತದೆ. ಆದ್ದರಿಂದ ಯಾವ ಲಟ್ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಬದಿಗಿಡುತ್ತೇನೆ. ಬೆಳಕು ಸಪ್ಪೆಯಾಗಿದೆ ಎಂಬ ನಿಮ್ಮ ಕೊರಗನ್ನೂ ಒಪ್ಪುವುದಿಲ್ಲ. ನೆತ್ತಿಯ ಮೇಲಿನ ಸುಡುಬಿಸಿಲಿನಲ್ಲಿ ತೆಗೆದಿದ್ದರೆ ಕಣ್ಣಿನ ಗುಳಿಯಲ್ಲಿ, ಮೂಗಿನ ಕೆಳಗೆ ಕಪ್ಪು ನೆರಳು ಕುಳಿತಿರುತ್ತಿತ್ತು, ಆ ನೆರಳನ್ನು ಯಾವ ಗ್ರೇಡಿಂಗ್‌ನಿಂದಲೂ ಪಕ್ಕಕ್ಕೆ ತಿರುಗಿಸಲು ಆಗುವುದಿಲ್ಲ. ಮೋಡ ನಿಮಗೆ ಖಾಲಿ ಗೋಡೆಯನ್ನು ಕೊಟ್ಟಿದೆ.

ಇಷ್ಟನ್ನು ಅರಿಯಲು ನನಗೆ ಎರಡು ರಾತ್ರಿ ಹಿಡಿಯಿತು. ಮೂರನೆಯ ರಾತ್ರಿ ಹುಡುಗಿಯ ಒಂದು ಶಾಟ್ ನಿಜಕ್ಕೂ ಚೆನ್ನಾಗಿ ಬಂತು, ಕೆಟ್ಟದ್ದು ಅಲ್ಲಿಂದಲೇ ಆರಂಭವಾಯಿತು. ಮೊದಲು ಆ ಶಾಟನ್ನು ಹೇಗೆ ಮಾಡಿದೆ ಎಂದು ಹೇಳುತ್ತೇನೆ.

ರಿಸಾಲ್ವ್‌ನಲ್ಲಿ ಗ್ರೇಡಿಂಗಿನ ಒಂದೊಂದು ಹಂತವೂ ಒಂದೊಂದು ನೋಡ್. ಮೊದಲನೆಯ ನೋಡ್‌ನಲ್ಲಿ ಬಣ್ಣದ ಸಮತೋಲವನ್ನು ಸರಿಪಡಿಸಿ, ಬಿಳಿಯನ್ನು ಬಿಳಿಯಾಗಿಯೇ ಇಟ್ಟೆ. ಎರಡನೆಯದರಲ್ಲಿ ಇಡೀ ಫ್ರೇಮನ್ನು ಸುಮಾರು ಮುಕ್ಕಾಲು ಸ್ಟಾಪ್ ಕೆಳಗಿಳಿಸಿ, Temp ಅನ್ನು ತುಸು ನೀಲಿಯ ಕಡೆಗೆ ತಳ್ಳಿದೆ. ಬೆಚ್ಚಗೆ ಮಾಡಲು ಹೊರಟವನು ತಣ್ಣಗೆ ಮಾಡುವುದು ವಿಚಿತ್ರವೆನಿಸಬಹುದು, ಆದರೆ ಸೂರ್ಯ ತಾಗದ ಭಾಗಗಳೆಲ್ಲ ಕೊನೆಯವರೆಗೂ ಈ ನೋಡ್‌ನ ಬಣ್ಣದಲ್ಲಿಯೇ ಉಳಿಯುತ್ತವೆ, ಸಂಜೆಯ ನೆರಳು ಎಂದರೆ ಇದೇ. ಮೂರನೆಯ ನೋಡ್‌ನಲ್ಲಿ ಫ್ರೇಮಿನ ಎಡ ಅಂಚಿನಿಂದ ಒಳಕ್ಕೆ ಬರುವ ಒಂದು ದೊಡ್ಡ ವಿಂಡೋ, ಅಂದರೆ ಬದಲಾವಣೆಯನ್ನು ತನ್ನೊಳಗೆ ಮಾತ್ರ ಹಿಡಿದಿಡುವ ಆಕಾರ, ಹಾಕಿ, ಅದರ ಅಂಚನ್ನು ಎಲ್ಲಿ ಮುಗಿಯಿತೆಂದು ತಿಳಿಯದಷ್ಟು ಮೃದುಮಾಡಿ, ಒಳಗೆ Gain ಏರಿಸಿ ಕಿತ್ತಳೆಯ ಕಡೆಗೆ ವಾಲಿಸಿದೆ. ಫ್ರೇಮಿನ ಎಡಗಡೆಗೆ ಬಿದ್ದ ಅವಳ ಕೂದಲು, ಭುಜ, ಕಲ್ಲಿನ ಮೆಟ್ಟಿಲುಗಳ ಅಂಚು ಬೆಚ್ಚಗಾದವು, ಬಲಗಡೆ ತಣ್ಣಗೆ ಉಳಿಯಿತು.

ಗ್ಲೋ ಬಂದದ್ದು ನಾಲ್ಕನೆಯ ನೋಡ್‌ನಲ್ಲಿ. ಸಿದ್ಧ Glow ಎಫೆಕ್ಟನ್ನು ಹಾಗೆಯೇ ಹಾಕಿದರೆ ಅದು ಹೊಳಪು ಇದ್ದ ಕಡೆಯೆಲ್ಲ ಅರಳುತ್ತದೆ. ನಮ್ಮ ಫ್ರೇಮಿನಲ್ಲಿ ಎಲ್ಲಕ್ಕಿಂತ ಹೊಳಪಾಗಿದ್ದದ್ದು ಬಿಳಿ ಆಕಾಶ ಮತ್ತು ಹುಡುಗನ ಬಿಳಿ ಪಂಚೆ. ಸೂರ್ಯನಿಗೆ ಸಂಬಂಧವಿಲ್ಲದ ಪಂಚೆ ಟ್ಯೂಬ್‌ಲೈಟಿನಂತೆ ಬೆಳಗತೊಡಗಿತು. ಅದನ್ನು ತೆಗೆದುಹಾಕಿ, ಅರ್ಧ ಭಾಗ ಫ್ರೇಮಿನ ಹೊರಗೇ ಇರುವ ಒಂದು ವೃತ್ತಾಕಾರದ ವಿಂಡೋ ಇಟ್ಟು, ಅದರೊಳಗೆ Gain ಅಲ್ಲದೆ Offset ಅನ್ನು ಸ್ವಲ್ಪವೇ ಏರಿಸಿ ಹೊನ್ನಿನ ಬಣ್ಣಕ್ಕೆ ತಿರುಗಿಸಿದೆ. ಈ ಎರಡರ ವ್ಯತ್ಯಾಸವನ್ನು ಗಮನಿಸಿ. Gain ಗುಣಿಸುತ್ತದೆ, ಆದ್ದರಿಂದ ಅಚ್ಚ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. Offset ಕೂಡಿಸುತ್ತದೆ, ಆದ್ದರಿಂದ ಕಪ್ಪೂ ಮೇಲೇಳುತ್ತದೆ. ಲೆನ್ಸಿಗೆ ಎದುರಾಗಿ ಸೂರ್ಯನಿದ್ದಾಗ ನಿಜವಾಗಿ ಆಗುವುದೂ ಅದೇ: ಸೂರ್ಯನ ಪಕ್ಕದಲ್ಲಿ ಕಪ್ಪುಗಳು ತೆಳುವಾಗಿ ಒಂದು ಮುಸುಕು ಕವಿಯುತ್ತದೆ, ದೂರದ ಅಂಚಿನಲ್ಲಿ ಕಪ್ಪು ಗಟ್ಟಿಯಾಗಿಯೇ ಇರುತ್ತದೆ. ಎಷ್ಟು ಹಾಕಬೇಕು ಎಂದು ಕೇಳಿದ್ದೀರಿ. ಕಪ್ಪನ್ನು ತಳದಲ್ಲಿ, ಬಿಳಿಯನ್ನು ಮೇಲೆ ತೋರಿಸುವ ಸ್ಕೋಪಿನ ಪರೇಡ್‌ನಲ್ಲಿ ಸೂರ್ಯನ ಪಕ್ಕದ ತಳ ಮಾತ್ರ ಎದ್ದು, ಎದುರು ಪಕ್ಕದ ತಳ ಅಲುಗದೆ ಇರುವಷ್ಟು. ಇಡೀ ತಳವೇ ಎದ್ದರೆ ಅದು ಮಂಜು, ಸೂರ್ಯನಲ್ಲ.

ಬಿಳಿ ಆಕಾಶ ಇನ್ನೊಂದು ತೊಂದರೆ. ಪೂರ್ತಿ ಉರಿದುಹೋದ ಬಿಳಿಯಲ್ಲಿ ಮಾಹಿತಿಯೇ ಇರುವುದಿಲ್ಲ, ಅದಕ್ಕೆ ಕಿತ್ತಳೆ ಹಚ್ಚಿದರೆ ಬಣ್ಣದ ಕಾಗದ ಅಂಟಿಸಿದಂತೆ ಕಾಣುತ್ತದೆ. ಮೇಲಿನಿಂದ ಒಂದು ಗ್ರೇಡಿಯಂಟ್ ವಿಂಡೋ ಇಳಿಸಿ ಅದನ್ನು ಮಂಕು ಮಾಡಿದೆ, ಉಳಿದದ್ದನ್ನು ಕ್ರಾಪ್ ಮಾಡಿ ಹೊರಗಿಟ್ಟೆ.

ಈಗ ನನಗೆ ದುಬಾರಿಯಾದ ತಪ್ಪಿಗೆ ಬರುತ್ತೇನೆ. ಆ ಶಾಟ್ ಕಂಡು ನನಗೆ ಎಷ್ಟು ಸಂತೋಷವಾಯಿತೆಂದರೆ, ಅದರ ಗ್ರೇಡನ್ನು ಸ್ಟಿಲ್ ಆಗಿ ಉಳಿಸಿ ಉಳಿದ ಇಪ್ಪತ್ತಮೂರು ಶಾಟ್‌ಗಳಿಗೂ ಹಚ್ಚಿಬಿಟ್ಟೆ. ಬಣ್ಣ ಎಲ್ಲೆಡೆ ಒಂದೇ ಸಮ ಬಂತು. ವಿಂಡೋಗಳೂ ಎಲ್ಲೆಡೆ ಒಂದೇ ಕಡೆ ಬಂದವು. ಹುಡುಗಿಯ ಶಾಟ್‌ನಲ್ಲಿ ನನ್ನ ಕ್ಯಾಮೆರಾ ವಾಯವ್ಯದ ಕಡೆ ಮುಖಮಾಡಿತ್ತು. ಜುಲೈ ತಿಂಗಳಲ್ಲಿ ನಮ್ಮಲ್ಲಿ ಸೂರ್ಯ ನೇರ ಪಶ್ಚಿಮಕ್ಕಿಂತ ಸ್ವಲ್ಪ ಉತ್ತರಕ್ಕೆ ಸರಿದು ಮುಳುಗುತ್ತಾನೆ, ಆದ್ದರಿಂದ ಆ ಫ್ರೇಮಿನ ಎಡ ಅಂಚಿನಲ್ಲಿ ಸೂರ್ಯನಿರುವುದು ಸರಿಯೇ. ಅವನು ಅವಳ ಬೆನ್ನ ಹಿಂದೆ ಇದ್ದಾನೆ. ಅವಳ ಎದುರು ನಿಂತು ನೋಡುತ್ತಿದ್ದ ಹುಡುಗನ ಶಾಟ್‌ಗೆ ಕ್ಯಾಮೆರಾ ತಿರುಗಿ ಆಗ್ನೇಯವನ್ನು ನೋಡುತ್ತಿತ್ತು. ಅಲ್ಲಿ ಸೂರ್ಯ ಫ್ರೇಮಿನಲ್ಲಿರಲು ಸಾಧ್ಯವೇ ಇಲ್ಲ, ಅವನು ನನ್ನ ಬೆನ್ನ ಹಿಂದೆ, ಬಲ ಭುಜದ ಮೇಲಿರಬೇಕು. ಹುಡುಗನ ಮುಖದ ತುಂಬ ಬೆಚ್ಚನೆಯ ಬಿಸಿಲು ಬೀಳಬೇಕು, ಕಪ್ಪುಗಳು ಗಟ್ಟಿಯಾಗಿರಬೇಕು, ಗ್ಲೋ ಎಂಬುದೇ ಇರಬಾರದು. ನಾನು ಅಂಟಿಸಿದ ಗ್ರೇಡ್ ಅವನ ಬೆನ್ನ ಹಿಂದೆಯೂ ಒಬ್ಬ ಸೂರ್ಯನನ್ನು ಇಟ್ಟು, ಅವನ ಮುಖವನ್ನು ತಣ್ಣನೆಯ ನೆರಳಿಗೆ ತಳ್ಳಿತ್ತು.

ವಿಂಡೋವನ್ನು ಎಡದಿಂದ ಬಲಕ್ಕೆ ಸರಿಸಿದ್ದರೆ ಸಾಕಿತ್ತಲ್ಲ ಎಂದು ನೀವು ಕೇಳಬಹುದು. ಸಾಲದು. ಸೂರ್ಯ ಎದುರಿಗಿದ್ದರೆ ಮುಸುಕು, ಪಕ್ಕದಲ್ಲಿದ್ದರೆ ಅರ್ಧ ಮುಖದ ಬೆಳಕು, ಬೆನ್ನಿಗಿದ್ದರೆ ಮುಸುಕಿಲ್ಲದ ಪೂರ್ಣ ಬೆಳಕು; ಮೂರೂ ಬೇರೆ ಬೇರೆ ಗ್ರೇಡ್‌ಗಳು. ಒಂದೊಂದೇ ಶಾಟ್ ನೋಡುತ್ತಿದ್ದ ನನಗೆ ಇದು ಕಾಣಲೇ ಇಲ್ಲ, ಏಕೆಂದರೆ ಒಂಟಿಯಾಗಿ ಪ್ರತಿಯೊಂದೂ ಚೆನ್ನಾಗಿತ್ತು. ಕಂಡದ್ದು ನಿಶ್ಚಿತಾರ್ಥದ ದಿನ, ಛತ್ರದ ಎಲ್‌ಇಡಿ ಪರದೆಯ ಮೇಲೆ, ನನಗಲ್ಲ, ಹುಡುಗಿಯ ತಾತನಿಗೆ. ಜೀವನವೆಲ್ಲ ಹೊಲದಲ್ಲಿ ಹೊತ್ತು ನೋಡಿಕೊಂಡೇ ಕೆಲಸ ಮಾಡಿದ ಮನುಷ್ಯ. ಊಟದ ಪಂಕ್ತಿಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಅಲ್ಲ ಮಗಾ, ಹೊತ್ತು ನಮ್ಮುಡ್ಗಿ ಬೆನ್ನಿಗೂ ಮುಳುಗ್ತದೆ, ಎದುರಿಗಿರೋ ಆ ಹುಡುಗನ ಬೆನ್ನಿಗೂ ಮುಳುಗ್ತದಲ್ಲ, ಅದ್ಯಾವೂರು?" ಎಂದರು. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಆಮೇಲೆ ವಿಡಿಯೊ ನೋಡಿದವರಿಗೆಲ್ಲ ಅದೊಂದೇ ಕಾಣತೊಡಗಿತು. ಕೊನೆಯ ಕಂತಿನ 15,000 ರೂಪಾಯಿ ಬರಲಿಲ್ಲ, ಮದುವೆಯ ದಿನದ ಕೆಲಸವೂ ಬೇರೆಯವರ ಪಾಲಾಯಿತು.

ಹಣ ಬರದಿದ್ದರೂ ವಿಡಿಯೊವನ್ನು ಮತ್ತೆ ಮಾಡಿಕೊಟ್ಟೆ. ಈ ಸಲ ರಿಸಾಲ್ವ್ ತೆರೆಯುವ ಮೊದಲು ಒಂದು ಹಾಳೆಯ ಮೇಲೆ ಸೋಪಾನಕಟ್ಟೆಯ ನಕ್ಷೆ ಬರೆದು, ವಾಯವ್ಯದ ಬಳಿ ಸೂರ್ಯನ ಗುರುತು ಹಾಕಿ, ಪ್ರತಿ ಶಾಟ್‌ನಲ್ಲಿ ಕ್ಯಾಮೆರಾ ಯಾವ ಕಡೆ ನೋಡುತ್ತಿತ್ತೆಂದು ಬಾಣ ಎಳೆದೆ. ನೀವು ಈ ಕೆಲಸವನ್ನು ಇಂದೇ ಮಾಡಿ, ಜಾಗ ಇನ್ನೂ ನೆನಪಿರುವಾಗಲೇ. ಮೊದಲ ಎರಡು ನೋಡ್‌ಗಳನ್ನು ಮಾತ್ರ ಎಲ್ಲ ಶಾಟ್‌ಗಳಿಗೂ ಹಂಚಬಹುದು, ಅವಕ್ಕೆ ದಿಕ್ಕಿಲ್ಲ. ವಿಂಡೋ ಇರುವ ನೋಡ್‌ಗಳನ್ನು ಶಾಟ್‌ನಿಂದ ಶಾಟ್‌ಗೆ ಹೊಸದಾಗಿಯೇ ಹಾಕಬೇಕು. ಕ್ಯಾಮೆರಾ ಪ್ಯಾನ್ ಆಗಿದ್ದರೆ ವಿಂಡೋವನ್ನು ದೂರದ ಒಂದು ಸ್ಥಿರ ವಸ್ತುವಿಗೆ ಟ್ರ್ಯಾಕ್ ಮಾಡಿ. ಮಾಡದಿದ್ದರೆ ಸೂರ್ಯ ಲೆನ್ಸಿಗೆ ಅಂಟಿಕೊಂಡು ನಿಮ್ಮ ಜೊತೆಗೇ ಬರುತ್ತಾನೆ. ಯಾರಾದರೂ ಗ್ಲೋ ಇರುವ ಅಂಚನ್ನು ದಾಟಿ ನಡೆದರೆ ಅವರ ದೇಹ ಬೆಳಕನ್ನು ತಡೆಯಬೇಕು, ಅದಕ್ಕೆ ಮಾಸ್ಕ್ ಬೇಕು. ಉಚಿತ ಆವೃತ್ತಿಯಲ್ಲಿ Magic Mask ಇಲ್ಲದ ಕಾರಣ ನಾನು ಅಂತಹ ಎರಡು ಶಾಟ್‌ಗಳನ್ನು ಕತ್ತರಿಸಿಯೇ ಹಾಕಿದೆ.

ಮುಖದ ಬಣ್ಣವನ್ನು ಕಣ್ಣಿನ ಅಂದಾಜಿಗೆ ಬಿಡಬೇಡಿ. ಒಂದು ಗಂಟೆ ಕಿತ್ತಳೆಯನ್ನೇ ನೋಡಿದ ಕಣ್ಣಿಗೆ ಅದು ಬಿಳಿಯಂತೆ ತೋರತೊಡಗಿ, ಇನ್ನಷ್ಟು ಕಿತ್ತಳೆ ಸುರಿಯುವ ಮನಸ್ಸಾಗುತ್ತದೆ. ವೆಕ್ಟರ್‌ಸ್ಕೋಪ್‌ನಲ್ಲಿ ಚರ್ಮದ ಬಣ್ಣಕ್ಕೆಂದು ಒಂದು ಗೆರೆಯನ್ನು ತೋರಿಸಿಕೊಳ್ಳಬಹುದು. ಮುಖವೊಂದನ್ನೇ ವಿಂಡೋದಲ್ಲಿ ಬೇರ್ಪಡಿಸಿ ಅಲ್ಲಿ ನೋಡಿ. ಹೊಂಬೆಳಕಿನಲ್ಲಿ ಅದು ಗೆರೆಯ ಆಸುಪಾಸಿನಲ್ಲಿಯೇ ಇದ್ದು ಕೇಂದ್ರದಿಂದ ಇನ್ನಷ್ಟು ದೂರಕ್ಕೆ ಚಾಚುತ್ತದೆ. ಗೆರೆ ಬಿಟ್ಟು ಹಳದಿಯ ಕಡೆ ವಾಲಿದರೆ ಅಕ್ಕನಿಗೆ ಕಾಮಾಲೆ ಬಂದಂತೆ ಕಾಣುತ್ತದೆ.

ಇನ್ನು ನಿಮ್ಮ ಗದ್ದೆ ಬಯಲಿನ ವೈಡ್ ಶಾಟ್. ಸೂರ್ಯ ಹತ್ತು ಡಿಗ್ರಿ ಎತ್ತರದಲ್ಲಿದ್ದಾಗ ನೆರಳು ಮನುಷ್ಯನ ಎತ್ತರದ ಐದೂವರೆ ಪಟ್ಟಿಗಿಂತಲೂ ಉದ್ದವಿರುತ್ತದೆ. ಐದೂವರೆ ಅಡಿಯ ಅಕ್ಕನ ನೆರಳು ಗದ್ದೆಯ ಮೇಲೆ ಮೂವತ್ತು ಅಡಿ ಮಲಗಬೇಕು, ನಿಮ್ಮ ಶಾಟ್‌ನಲ್ಲಿ ಅವರ ಕಾಲ ಬುಡದಲ್ಲಿ ಏನೂ ಇಲ್ಲ. ಎಷ್ಟೇ ಚೆನ್ನಾಗಿ ಬಣ್ಣ ಹಚ್ಚಿದರೂ ನೆಲ ನಿಜ ಹೇಳಿಬಿಡುತ್ತದೆ. ಸೊಂಟದಿಂದ ಮೇಲಿನ ಶಾಟ್‌ಗಳನ್ನೂ ಕ್ಲೋಸಪ್‌ಗಳನ್ನೂ ಸಂಜೆಗೆ ತನ್ನಿ. ವೈಡ್ ಶಾಟ್‌ಗೆ ಕೈ ಹಚ್ಚದೆ, ಅದನ್ನು ವಿಡಿಯೊದ ಆರಂಭದಲ್ಲಿ ಮೋಡದ ಮಧ್ಯಾಹ್ನವಾಗಿಯೇ ಇಟ್ಟು, ಸಂಜೆಯ ಶಾಟ್‌ಗಳಿಗೂ ಅದಕ್ಕೂ ನಡುವೆ ನೀರಿನದೋ ಕೈಬಳೆಯದೋ ಒಂದು ಬಿಡಿ ಶಾಟ್ ಹಾಕಿ.