ಗುಮಾಸ್ತ ಎರಡು ಪುಟ ಮಾತಾಡಿದ್ರೆ ತಪ್ಪೇನು?

ಓದುಗರ ಪತ್ರ: ಸಂಪಾದಕರೇ, ನನ್ನ ಕಥೆ ವಾಪಸ್ ಬಂತು. ವರ್ಷಗಟ್ಟಲೆ ಬಾಯಿ ಬಿಡದ ಗುಮಾಸ್ತ ಕೊನೆಗೆ ಸೆಕ್ಷನ್ ಹೆಡ್ ಎದುರು ನಿಂತು ಎರಡು ಪುಟ ಮಾತಾಡ್ತಾನಲ್ಲ, ಕಥೆಯ ಜೀವವೇ ಅದು. ಅದನ್ನೇ ನಂಬೋಕಾಗಲ್ಲ ಅಂತ ಬರೆದಿದ್ದೀರಿ. ಯಾಕೆ ಸರ್?

ಸಂಪಾದಕರ ಉತ್ತರ: ಮೊದಲ ಆರು ಪುಟದಲ್ಲಿ ಈ ಮನುಷ್ಯ ಎಂಥವನು ಅಂತ ನೀವೇ ತುಂಬಾ ಚೆನ್ನಾಗಿ ತೋರಿಸಿದ್ದೀರಿ, ಹೆಡ್ ಫೈಲು ಎಸೆದ್ರೂ ತುಟಿ ಪಿಟಕ್ ಅನ್ನದೆ ಬಗ್ಗಿ ಹಾಳೆ ಆರಿಸ್ಕೊಂಡು, ಪುಟದ ನಂಬರ್ ನೋಡಿ ಜೋಡಿಸಿ, ಮತ್ತೆ ಟ್ಯಾಗ್ ಕಟ್ಟೋನು. ಅಂಥವನು ಏಳನೇ ಪುಟದಲ್ಲಿ ದಬ್ಬಾಳಿಕೆ, ಸ್ವಾಭಿಮಾನ ಅಂತೆಲ್ಲ ಭಾಷಣ ಶುರು ಮಾಡಿದ್ರೆ ಅಲ್ಲಿ ಮಾತಾಡ್ತಿರೋದು ನೀವು, ಅವನಲ್ಲ. ನಿಮ್ಮ ಸಿಟ್ಟು ನ್ಯಾಯವಾದ್ದೇ, ಆದ್ರೆ ಅವನ ಬಾಯಿಗೆ ಒಗ್ಗಲ್ಲ.

ಅವನಿಗೆ ಗೊತ್ತಿರೋದು ಅವನ ಕೆಲಸ, ಮಾತೂ ಅಲ್ಲಿಂದಲೇ ಹುಟ್ಬೇಕು. ನಾಲ್ಕನೇ ಪುಟ ತೆಗೀರಿ. ಗಡುವು ಮುಗಿದ ಮೇಲೆ ಬಂದ ಅರ್ಜಿನ ಹಿಂದಿನ ತಾರೀಖಿಗೆ ಇನ್ವರ್ಡ್ ರಿಜಿಸ್ಟರ್‌ನಲ್ಲಿ ಎಂಟ್ರಿ ಮಾಡು ಅಂತಾನೆ ಹೆಡ್, ಇವನು ಮಾಡ್ತಾನೆ, ನೀವು ಒಂದೇ ಸಾಲಲ್ಲಿ ಮುಂದೆ ಹೋಗ್ಬಿಡ್ತೀರಿ. ಕಥೆ ಇರೋದೇ ಅಲ್ಲಿ! ಆ ರಿಜಿಸ್ಟರ್‌ನಲ್ಲಿ ಕ್ರಮಸಂಖ್ಯೆ ಸಾಲಾಗಿ ಹೋಗಿರುತ್ತೆ, ಆ ದಿನದ ಕೊನೇ ನಂಬರ್ 112 ಅಂದ್ರೆ ಮಾರನೇ ದಿನದ್ದು 113, ನಡುವೆ ಜಾಗ ಎಲ್ಲಿದೆ? ಗೆರೆಗಳ ಸಂದಿಯಲ್ಲಿ 112ಎ ಅಂತ ತುರುಕಬೇಕು. ನಾಳೆ ಯಾರೇ ತಪಾಸಣೆಗೆ ಬಂದ್ರೂ ಮೊದಲು ಕಣ್ಣು ಬೀಳೋದು ಅದರ ಮೇಲೆ, ಅಕ್ಷರ ನೋಡಿದ್ರೆ ಗುಮಾಸ್ತಂದು, ಹೆಡ್ ಬಾಯಲ್ಲಿ ಹೇಳಿದ್ದಕ್ಕೆ ಎಲ್ಲೂ ದಾಖಲೆ ಇಲ್ಲ. ಅವನು ಪೆನ್ ಹಿಡಿದು ಆ 'ಎ' ಬರೆಯೋ ಹೊತ್ತಿಗೆ ಒಂದು ಪ್ಯಾರಾ ಪೂರ್ತಿ ಕೊಡಿ, ಅವನ ಭಯ ಏನು ಅಂತ ಓದುಗನಿಗೆ ಆಗ ಗೊತ್ತಾಗುತ್ತೆ.

ಏಳನೇ ಪುಟದಲ್ಲಿ ಹೆಡ್ ಅಂಥದ್ದೇ ಇನ್ನೊಂದು ಅರ್ಜಿ ತಂದು ಮೇಜಿನ ಮೇಲೆ ಹಾಕ್ಲಿ. ಇವನು ಎದ್ದು ನಿಂತು, ದನಿ ನಡುಗಿದ್ರೂ ಪರವಾಗಿಲ್ಲ, "ಸರ್, ಹೀಗೆ ಮಾಡು ಅಂತ ಫೈಲಲ್ಲಿ ಬರೆದು ಸಹಿ ಹಾಕಿಕೊಡಿ, ಮಾಡ್ತೀನಿ" ಅನ್ಲಿ. ಅಷ್ಟೇ ಸಾಕು. ಹೆಡ್ ಸಹಿ ಹಾಕಿದ್ರೆ ತಾನೇ ಸಿಕ್ಕಿಬೀಳ್ತಾನೆ, ಹಾಕದಿದ್ರೆ ಕೆಲಸ ಆಗಲ್ಲ. ಇವನು ಎದುರು ಮಾತಾಡಿದ ಅಂತ ದೂರು ಕೊಡೋಕೂ ಬರಲ್ಲ, ಯಾಕಂದ್ರೆ ಕೇಳಿರೋದು ನಿಯಮದಲ್ಲಿರೋದನ್ನೇ.

ಇನ್ನು ಸಹೋದ್ಯೋಗಿಗಳು ಚಪ್ಪಾಳೆ ಹೊಡೆಯೋ ಸೀನ್ ದಯವಿಟ್ಟು ತೆಗೆದುಬಿಡಿ. ಅವರೆಲ್ಲ ಕಂಪ್ಯೂಟರ್ ಕಡೆ ತಿರುಗಿಕೊಳ್ತಾರೆ. ಹೆಡ್ಡೂ ಅಷ್ಟಕ್ಕೇ ಕುಸಿದು ಕೂರೋ ಆಸಾಮಿಯಲ್ಲ, ಪೆಂಡಿಂಗ್ ಲಿಸ್ಟ್ ಇನ್ನೂ ಯಾಕಾಗಿಲ್ಲ ಅಂತ ಕೂಗಾಡಿ, ಅದೇ ಅರ್ಜಿನ ಪಕ್ಕದ ಟೇಬಲ್‌ನ ಹೊಸ ಹುಡುಗಿಗೆ ಕೊಡ್ತಾನೆ. ಅವಳು ಇವನ ಮುಖ ನೋಡ್ತಾಳೆ. ಆಗ ಇವನು ಏನು ಮಾಡ್ತಾನೆ ಅನ್ನೋದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮೊದಲ ಮೂರು ಪುಟ ಮುಟ್ಬೇಡಿ, ನಾಲ್ಕು ಮತ್ತೆ ಏಳು ಹೊಸದಾಗಿ ಬರೆದು ಕಳಿಸಿ, ನಾನೇ ಓದ್ತೀನಿ.